ಕಂಪನಿಯಿಂದ ನಿಮ್ಮ ಮಾಹಿತಿ ಸೋರಿದರೆ ಪರಿಹಾರ ಕೇಳುವುದು ಹೇಗೆ: ಮೊದಲ ಫೋನ್ ಕರೆಯಿಂದ ವಸೂಲಿಯವರೆಗೆ

"ಮೇಡಂ, ನಿಮ್ಮ ಎಚ್‌ಬಿಎ1ಸಿ 8.4 ಬಂದಿದೆಯಲ್ವಾ? ನಮ್ಮ ಡಾಕ್ಟರ್ ಒಮ್ಮೆ ಫ್ರೀಯಾಗಿ ಮಾತಾಡ್ತಾರೆ. ಹತ್ತು ರೂಪಾಯಿ ರಿಜಿಸ್ಟ್ರೇಷನ್ ಅಷ್ಟೇ, ಲಿಂಕ್ ಕಳಿಸ್ತೀನಿ."

ಇಂಥ ಕರೆ ಬಂದರೆ ಯಾರು ತಾನೇ ಅನುಮಾನ ಪಡುತ್ತಾರೆ? ಮೂರು ದಿನದ ಹಿಂದೆ ರಕ್ತ ಕೊಟ್ಟು ಬಂದ ಲ್ಯಾಬ್ ಬಿಟ್ಟರೆ ಸಕ್ಕರೆ ಪರೀಕ್ಷೆಯ ಆ 8.4 ಇನ್ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ. ಲಿಂಕ್ ಒತ್ತಿದರೆ ಒಂದು ಆ್ಯಪ್ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಖಾತೆಯಿಂದ 84,000 ರೂಪಾಯಿ ಹೋಗಿರುತ್ತದೆ.

ಈ ಬರಹದ ಉದ್ದಕ್ಕೂ ಇದೇ ಉದಾಹರಣೆ ಇಟ್ಟುಕೊಳ್ಳೋಣ. ತುಮಕೂರಿನ ಒಬ್ಬ ಟೀಚರ್, ಹೆಸರು ಶಾಂತಾ ಬಿ.ಆರ್. ಅಂತ ಅಂದುಕೊಳ್ಳಿ. ಬೆಂಗಳೂರಿನ ಒಂದು ಲ್ಯಾಬ್‌ನ ತುಮಕೂರು ಕಲೆಕ್ಷನ್ ಸೆಂಟರ್‌ನಲ್ಲಿ 3,200 ರೂಪಾಯಿ ಕೊಟ್ಟು ಹೆಲ್ತ್ ಚೆಕಪ್ ಮಾಡಿಸಿದ್ದಾರೆ. ಲ್ಯಾಬ್, ಟೀಚರ್ ಎರಡೂ ಕಲ್ಪನೆ. ಕಾನೂನು, ಶುಲ್ಕ, ಗಡುವು ಮಾತ್ರ ನಿಜದ್ದು.

ಕಳ್ಳನನ್ನು ಹಿಡಿಯುವುದು ಪೊಲೀಸರ ಕೆಲಸ. ನಾನು ಇಲ್ಲಿ ಬರೆಯುತ್ತಿರುವುದು ಬೇರೆ ಪ್ರಶ್ನೆಯ ಬಗ್ಗೆ: ಮಾಹಿತಿಯನ್ನು ಸರಿಯಾಗಿ ಕಾಯದೆ ಬಿಟ್ಟ ಕಂಪನಿಯಿಂದ ದುಡ್ಡು ವಾಪಸ್ ಪಡೆಯುವುದು ಹೇಗೆ?

## ಮೊದಲು ಒಂದು ತಪ್ಪು ತಿಳಿವಳಿಕೆ

"ಹೊಸ ಡೇಟಾ ಕಾನೂನು ಬಂದಿದೆ, ಕಂಪನಿಗೆ 250 ಕೋಟಿ ದಂಡ ಬೀಳುತ್ತೆ, ನಮಗೂ ಏನೋ ಸಿಗುತ್ತೆ" ಅಂತ ಜಾಸ್ತಿ ಜನ ನಂಬಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ (ಎಲ್ಲರೂ ಡಿಪಿಡಿಪಿ ಅನ್ನುತ್ತಾರೆ) ಭದ್ರತೆ ವಹಿಸದ ಕಂಪನಿಗೆ 250 ಕೋಟಿಯವರೆಗೆ ದಂಡ ಹಾಕಬಹುದು, ನಿಜ. ಆದರೆ ಆ ದುಡ್ಡು ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವರಿಗೆ ಪರಿಹಾರ ಕೊಡಿಸುವ ಅಧಿಕಾರ ಆ ಕಾಯ್ದೆಯ ಮಂಡಳಿಗೆ ಇಲ್ಲ.

ಪರಿಹಾರ ಕೊಡಿಸುವ ಸೆಕ್ಷನ್ ಇರುವುದು ಹಳೆಯ ಕಾನೂನಿನಲ್ಲಿ: 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ. ಇಲ್ಲೇ ಒಂದು ವಿಚಿತ್ರ ಇದೆ. ಹೊಸ ಕಾಯ್ದೆ ಪೂರ್ತಿ ಜಾರಿಯಾದ ದಿನ ಈ 43ಎ ತೆಗೆದುಹಾಕಬೇಕು ಅಂತ ಹೊಸ ಕಾಯ್ದೆಯೇ ಹೇಳುತ್ತದೆ. 2025ರ ನವೆಂಬರ್‌ನ ಅಧಿಸೂಚನೆ ಪ್ರಕಾರ ಅದಕ್ಕೆ 18 ತಿಂಗಳ ಅವಧಿ, ಅಂದರೆ 2027ರ ಮೇ ಮಧ್ಯದವರೆಗೆ. ಗ್ರಾಹಕರನ್ನು ಕಾಪಾಡಲು ಬಂದ ಕಾನೂನು ಗ್ರಾಹಕರಿಗೆ ಪರಿಹಾರ ಕೊಡಿಸುತ್ತಿದ್ದ ಸೆಕ್ಷನ್ನನ್ನೇ ಅಳಿಸುತ್ತಿದೆ. ನನಗೆ ಇದು ಸರಿ ಕಾಣುವುದಿಲ್ಲ. ಆದರೆ ಸದ್ಯಕ್ಕೆ ಇರುವುದು ಹೀಗೆ.

ಆದ್ದರಿಂದ ಇವತ್ತು ನಿಮ್ಮ ಮುಂದೆ ಎರಡು ಬಾಗಿಲು ಇವೆ. ಒಂದು 43ಎ ಅಡಿಯಲ್ಲಿ ರಾಜ್ಯದ ಮಾಹಿತಿ ತಂತ್ರಜ್ಞಾನ, ಅಂದರೆ ಐಟಿ, ಇಲಾಖೆಯ ಕಾರ್ಯದರ್ಶಿ. ಇನ್ನೊಂದು ಜಿಲ್ಲಾ ಗ್ರಾಹಕ ಆಯೋಗ. ಮೊದಲನೆಯದಕ್ಕೆ ಬೀಗ ಬೀಳುವ ದಿನ ಹತ್ತಿರದಲ್ಲಿದೆ. ಎರಡನೆಯದು ಆಮೇಲೂ ತೆರೆದಿರುತ್ತದೆ.

## ಹೆಜ್ಜೆ 1: ಮೊದಲ ದಿನ, ದುಡ್ಡು ಮತ್ತು ಸಾಕ್ಷಿ

ದುಡ್ಡು ಹೋಗಿದ್ದರೆ ಬೇರೊಂದು ಫೋನ್‌ನಿಂದ ತಕ್ಷಣ 1930ಕ್ಕೆ ಕರೆ ಮಾಡಿ. ಆಮೇಲೆ ಬ್ಯಾಂಕಿಗೆ ಹೇಳಿ ದೂರಿನ ನಂಬರ್ ತೆಗೆದುಕೊಳ್ಳಿ, cybercrime.gov.in ನಲ್ಲೂ ದೂರು ದಾಖಲಿಸಿ. ಬ್ಯಾಂಕಿಗೆ ಮೂರು ಕೆಲಸದ ದಿನದೊಳಗೆ ತಿಳಿಸುವುದು ಮುಖ್ಯ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ, ಮಧ್ಯದಲ್ಲಿ ಬೇರೆಲ್ಲೋ ಆಗಿದೆ ಅನ್ನುವಾಗ ಅಷ್ಟರೊಳಗೆ ತಿಳಿಸಿದವರ ಹೊಣೆ ಸೊನ್ನೆ. ಶಾಂತಾ ಅವರ ವಿಷಯದಲ್ಲಿ ಬ್ಯಾಂಕ್ "ನೀವೇ ಆ್ಯಪ್ ಹಾಕಿಕೊಂಡಿರಿ" ಅಂತ ಕೈತೊಳೆದುಕೊಂಡಿತು ಅಂದುಕೊಳ್ಳೋಣ. ಹೆಚ್ಚಾಗಿ ಆಗುವುದೂ ಅದೇ. ಆದರೂ ಬ್ಯಾಂಕ್ ಬರೆದುಕೊಟ್ಟ ಆ ನಿರಾಕರಣೆ ಪತ್ರ ಎಸೆಯಬೇಡಿ. ದುಡ್ಡು ಬೇರೆ ಕಡೆಯಿಂದ ವಾಪಸ್ ಬಂದಿಲ್ಲ ಅನ್ನುವುದಕ್ಕೆ ಅದೇ ಪುರಾವೆ.

ಈಗ ಸಾಕ್ಷಿಯ ಮಾತು. ಇಂಥ ಕೇಸುಗಳು ಬೀಳುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ: "ಮಾಹಿತಿ ನಮ್ಮಿಂದಲೇ ಸೋರಿತು ಅಂತ ಏನು ಗ್ಯಾರಂಟಿ?" ಕಂಪನಿಯ ಮೊದಲ ಉತ್ತರವೂ ಅದೇ, ಕೊನೆಯ ಉತ್ತರವೂ ಅದೇ. ನಮ್ಮ ಹೆಸರು, ಫೋನ್ ನಂಬರ್ ನೂರು ಕಡೆ ಇರುತ್ತದೆ. ಹಾಗಾಗಿ ಆ ಒಂದು ಕಂಪನಿಯ ಹತ್ತಿರ ಮಾತ್ರ ಇದ್ದ ಗುರುತನ್ನು ಹುಡುಕಬೇಕು.

ಶಾಂತಾ ಅವರಿಗೆ ಇಲ್ಲಿ ಅದೃಷ್ಟ ಕೈಹಿಡಿಯಿತು. ಕಲೆಕ್ಷನ್ ಸೆಂಟರ್‌ನ ಹುಡುಗ ಬಿಲ್ ಮಾಡುವಾಗ ಇನಿಷಿಯಲ್ ಹಿಂದುಮುಂದು ಮಾಡಿ "ಶಾಂತಾ ಆರ್.ಬಿ." ಅಂತ ಟೈಪ್ ಮಾಡಿದ್ದ. ಆಧಾರ್‌ನಲ್ಲಿ, ಬ್ಯಾಂಕಿನಲ್ಲಿ, ಶಾಲೆಯ ದಾಖಲೆಯಲ್ಲಿ ಎಲ್ಲ ಕಡೆ ಅವರು ಬಿ.ಆರ್. ವಂಚಕ ಕಳಿಸಿದ ವಾಟ್ಸ್‌ಆ್ಯಪ್ ಮೆಸೇಜಿನಲ್ಲಿ "ಡಿಯರ್ ಶಾಂತಾ ಆರ್.ಬಿ." ಅಂತ ಇತ್ತು. ಜೊತೆಗೆ 8.4 ಅನ್ನುವ ಅಂಕಿ, ಸ್ಯಾಂಪಲ್ ಕೊಟ್ಟ ತಾರೀಖು. ಮೂರೂ ಸೇರಿದರೆ ಲ್ಯಾಬ್ ತಪ್ಪಿಸಿಕೊಳ್ಳುವುದು ಕಷ್ಟ.

ನೀವೂ ಹಾಗೇ ಹುಡುಕಿ. ಬಿಲ್ಲಿನ ತಪ್ಪು ಸ್ಪೆಲ್ಲಿಂಗ್, ಆ ಕಂಪನಿಗೆ ಮಾತ್ರ ಕೊಟ್ಟ ಇಮೇಲ್, ಆರ್ಡರ್ ನಂಬರ್, ಹಳೇ ಮನೆ ವಿಳಾಸ, ಏನಾದರೂ ಒಂದು ಸಿಕ್ಕೇ ಸಿಗುತ್ತದೆ. ಮುಂದೆ ಎಲ್ಲಾದರೂ ಮಾಹಿತಿ ಕೊಡುವಾಗ ಜಿಮೇಲ್ ವಿಳಾಸದಲ್ಲಿ ಹೆಸರಿನ ನಂತರ ಪ್ಲಸ್ ಚಿಹ್ನೆ ಹಾಕಿ ಕಂಪನಿಯ ಗುರುತು ಸೇರಿಸಿ. ಮೇಲ್ ನಿಮಗೇ ಬರುತ್ತದೆ. ಸೋರಿದರೆ ಯಾರಿಂದ ಸೋರಿತು ಅಂತ ವಿಳಾಸವೇ ಹೇಳುತ್ತದೆ.

ಸೋರಿದ ಫೈಲನ್ನು ಟೆಲಿಗ್ರಾಂನಲ್ಲೋ ಇನ್ನೆಲ್ಲೋ ಹುಡುಕಿ ನೀವೇ ಡೌನ್‌ಲೋಡ್ ಮಾಡಲು ಮಾತ್ರ ಹೋಗಬೇಡಿ. ಅದರಲ್ಲಿ ಬೇರೆಯವರ ಮಾಹಿತಿಯೂ ಇರುತ್ತದೆ, ಸುಮ್ನೆ ನೀವೇ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ. ಸುದ್ದಿ ವರದಿ, ಕಂಪನಿಯ ಪ್ರಕಟಣೆ ಇದ್ದರೆ ಅದನ್ನು ಉಳಿಸಿಕೊಳ್ಳಿ.

ಸ್ಕ್ರೀನ್‌ಶಾಟ್, ಕಾಲ್ ರೆಕಾರ್ಡಿಂಗ್ ಇವನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕಿ ಪ್ರತಿ ಫೈಲಿನ ಹ್ಯಾಷ್ ತೆಗೆದಿಡಿ. ಹ್ಯಾಷ್ ಅಂದರೆ ಫೈಲಿನ ಬೆರಳಚ್ಚು ಇದ್ದಂತೆ: ಒಂದಕ್ಷರ ಬದಲಾದರೂ ಹ್ಯಾಷ್ ಬದಲಾಗುತ್ತದೆ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಅದೇ ಫೋಲ್ಡರ್‌ನಿಂದ ಕಮಾಂಡ್ ಪ್ರಾಂಪ್ಟ್ ತೆರೆದು, call1.m4a ಜಾಗದಲ್ಲಿ ನಿಮ್ಮ ಫೈಲಿನ ಹೆಸರು ಹಾಕಿ ಹೀಗೆ ಕೊಡಿ:

```
certutil -hashfile call1.m4a SHA256
```

ಬರುವ ಉದ್ದನೆಯ ಸಾಲನ್ನು ಕಾಪಿ ಮಾಡಿ ತಾರೀಖಿನ ಜೊತೆ ಇಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಹ್ಯಾಷ್ ಬರೆಯುವ ಜಾಗ ಇದೆ. ಎ ಭಾಗಕ್ಕೆ ನೀವು ಸಹಿ ಹಾಕುತ್ತೀರಿ, ಬಿ ಭಾಗಕ್ಕೆ ತಜ್ಞರು ಹಾಕಬೇಕು. ಮೂಲ ಫೋನನ್ನು ಕೇಸ್ ಮುಗಿಯುವವರೆಗೆ ಮಾರಬೇಡಿ.

## ಹೆಜ್ಜೆ 2: ಸೋರಿದ್ದು ಯಾವ ಮಾಹಿತಿ?

43ಎ ಎಲ್ಲಾ ಮಾಹಿತಿಗೂ ಅನ್ವಯಿಸುವುದಿಲ್ಲ. ಅದು ಕಾಯುವುದು "ಸೂಕ್ಷ್ಮ ವೈಯಕ್ತಿಕ ಮಾಹಿತಿ"ಯನ್ನು ಮಾತ್ರ. ಅದರಲ್ಲಿ ಏನೇನು ಬರುತ್ತದೆ ಅನ್ನುವ ಪಟ್ಟಿ 2011ರ ನಿಯಮಗಳಲ್ಲಿ ಇದೆ: ಪಾಸ್‌ವರ್ಡ್, ಬ್ಯಾಂಕ್ ಖಾತೆ ಮತ್ತು ಕಾರ್ಡ್ ವಿವರ, ದೇಹ ಮತ್ತು ಮನಸ್ಸಿನ ಆರೋಗ್ಯ ಸ್ಥಿತಿ, ವೈದ್ಯಕೀಯ ದಾಖಲೆ, ಲೈಂಗಿಕ ಒಲವು, ಬೆರಳಚ್ಚಿನಂಥ ಬಯೋಮೆಟ್ರಿಕ್.

ಹೆಸರು, ಫೋನ್, ವಿಳಾಸ, ಇಮೇಲ್ ಈ ಪಟ್ಟಿಯಲ್ಲಿ ಇಲ್ಲ. ಆಧಾರ್ ನಂಬರ್ ಕೂಡ ಹೆಸರು ಹೇಳಿ ಸೇರಿಸಿಲ್ಲ. ನಮ್ಮಲ್ಲಿ ಆಗುವ ಎಷ್ಟೋ ಸೋರಿಕೆಗಳಲ್ಲಿ ಹೊರಗೆ ಹೋಗುವುದು ಬರೀ ಹೆಸರು ಮತ್ತು ಫೋನ್ ನಂಬರ್. ಅಂಥವರಿಗೆ ಈ ಬಾಗಿಲು ತೆರೆಯುವುದಿಲ್ಲ. ಅವರು ನೇರ ಗ್ರಾಹಕ ಆಯೋಗದ ಭಾಗಕ್ಕೆ ಹೋಗಬಹುದು. ಶಾಂತಾ ಅವರದು ಲ್ಯಾಬ್ ರಿಪೋರ್ಟ್, ಆದ್ದರಿಂದ ಅಡ್ಡಿಯಿಲ್ಲ.

ಇನ್ನೊಂದು ಪ್ರಶ್ನೆ, ಎದುರು ಪಾರ್ಟಿ ಯಾರು ಅಂತ. ಲಿಮಿಟೆಡ್ ಕಂಪನಿ ಆಗಿರಲೇಬೇಕು ಅಂತೇನಿಲ್ಲ. ಪಾಲುದಾರಿಕೆ ಸಂಸ್ಥೆ, ಒಬ್ಬರೇ ಮಾಲೀಕರಿರುವ ಗಲ್ಲಿಯ ಲ್ಯಾಬ್ ಕೂಡ ಇದರೊಳಗೆ ಬರುತ್ತವೆ. ವ್ಯಾಪಾರ ಮಾಡದ ಸರ್ಕಾರಿ ಕಚೇರಿ ಮಾತ್ರ ಬರುವುದಿಲ್ಲ.

## ಹೆಜ್ಜೆ 3: ಕಂಪನಿಗೆ ಪತ್ರ

ಅದೇ 2011ರ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಹೆಸರನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಅವರು ಒಂದು ತಿಂಗಳೊಳಗೆ ದೂರು ಬಗೆಹರಿಸಬೇಕು. ಪ್ರೈವಸಿ ಪಾಲಿಸಿ ಅನ್ನುವ ಪುಟದ ತಳದಲ್ಲಿ ಹುಡುಕಿದರೆ ಸಾಮಾನ್ಯವಾಗಿ "ಗ್ರೀವೆನ್ಸ್ ಆಫೀಸರ್" ಅಂತ ಸಿಗುತ್ತದೆ. ಕಸ್ಟಮರ್ ಕೇರ್‌ಗೆ ಬರೆದರೆ ಬರೀ ಟಿಕೆಟ್ ನಂಬರ್ ಬರುತ್ತದೆ, ಅದರಿಂದ ಉಪಯೋಗ ಇಲ್ಲ. ಇಮೇಲ್ ಮಾಡಿ, ಅದನ್ನೇ ಪ್ರಿಂಟ್ ಮಾಡಿ ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಪತ್ರದಲ್ಲಿ ಸಿಟ್ಟು ಬೇಡ, ಪ್ರಶ್ನೆ ಇರಲಿ. ಶಾಂತಾ ಬರೆದದ್ದು ಹೀಗೆ:

> ದಿನಾಂಕ ಇಂಥದ್ದು, ಬಿಲ್ ನಂಬರ್ ಇಂಥದ್ದರಲ್ಲಿ ನಿಮ್ಮಲ್ಲಿ ಪರೀಕ್ಷೆ ಮಾಡಿಸಿದ್ದೇನೆ. ನನ್ನ ವರದಿಯ ಅಂಕಿ, ಮತ್ತು ನಿಮ್ಮ ಬಿಲ್ಲಿನಲ್ಲಿ ಮಾತ್ರ ಇರುವ ತಪ್ಪು ಇನಿಷಿಯಲ್, ಮೂರು ದಿನದಲ್ಲಿ ಅಪರಿಚಿತರ ಕೈಗೆ ಸಿಕ್ಕಿದೆ. ಅದನ್ನು ಬಳಸಿ ನನಗೆ 84,000 ರೂ. ವಂಚಿಸಿದ್ದಾರೆ. ದಯವಿಟ್ಟು ತಿಳಿಸಿ: ನನ್ನ ಯಾವ ಯಾವ ಮಾಹಿತಿ, ಯಾವಾಗ ಹೊರಹೋಯಿತು? ಇದನ್ನು ಸಿಇಆರ್‌ಟಿ-ಇನ್‌ಗೆ ವರದಿ ಮಾಡಿದ್ದೀರಾ, ಯಾವ ದಿನ? ನನ್ನ ವರದಿಯನ್ನು ಬೇರೆ ಯಾವ ಸಂಸ್ಥೆಗೆ ಕೊಟ್ಟಿದ್ದೀರಿ? ನೀವು ಪಾಲಿಸುವ ಭದ್ರತಾ ಮಾನದಂಡ ಯಾವುದು, ಕೊನೆಯ ಆಡಿಟ್ ಯಾವಾಗ ಆಯಿತು? ಈ ಪತ್ರಕ್ಕೆ ಸಂಬಂಧಿಸಿದ ಸರ್ವರ್ ಲಾಗ್‌ಗಳನ್ನು ಅಳಿಸದೆ ಉಳಿಸಿಕೊಳ್ಳಿ.

ಪ್ರತಿ ಪ್ರಶ್ನೆಯ ಹಿಂದೆಯೂ ಒಂದು ಕಾರಣ ಇದೆ. ಸಿಇಆರ್‌ಟಿ-ಇನ್ ಅಂದರೆ ಕೇಂದ್ರ ಸರ್ಕಾರದ ಸೈಬರ್ ತುರ್ತು ತಂಡ. 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಸೋರಿಕೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕಂಪನಿ ಅವರಿಗೆ ತಿಳಿಸಬೇಕು. "ವರದಿ ಮಾಡಿದ್ದೇವೆ" ಅಂದರೆ ಸೋರಿಕೆ ಒಪ್ಪಿಕೊಂಡಂತೆ. "ಇಲ್ಲ" ಅಂದು ಆಮೇಲೆ ಸೋರಿದ್ದು ರುಜುವಾತಾದರೆ ಅದು ಇನ್ನೊಂದು ತಪ್ಪು. ಬೇರೆ ಸಂಸ್ಥೆಯ ಪ್ರಶ್ನೆ ಯಾಕೆಂದರೆ ರಿಪೋರ್ಟನ್ನು ವಾಟ್ಸ್‌ಆ್ಯಪ್‌ಗೆ ಕಳಿಸುವ ಕೆಲಸ, ಸರ್ವರ್ ನೋಡಿಕೊಳ್ಳುವ ಕೆಲಸ ಎಷ್ಟೋ ಸಲ ಹೊರಗಿನವರ ಕೈಯಲ್ಲಿರುತ್ತದೆ. ಅವರ ಹೆಸರು ಗೊತ್ತಾದರೆ ಅವರನ್ನೂ ಎದುರುದಾರರಾಗಿ ಸೇರಿಸಬಹುದು.

ಆಡಿಟ್ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಕಂಪನಿ ಏನು ತಪ್ಪು ಮಾಡಿತು ಅಂತ ಹೊರಗಿನಿಂದ ನಾವು ತೋರಿಸಲು ಆಗುವುದಿಲ್ಲ. ಅವರ ಸರ್ವರ್ ಒಳಗೆ ನಾವೇನು ಇಣುಕಿ ನೋಡಲು ಆಗುತ್ತದೆಯೇ? ಇದಕ್ಕೇ ಆ 2011ರ ನಿಯಮಗಳಲ್ಲಿ 8ನೇ ನಿಯಮ ಇದೆ. ಸೋರಿಕೆ ಆದಾಗ, ಕಾನೂನು ನೇಮಿಸಿದ ಅಧಿಕಾರಿ ಕೇಳಿದರೆ, ತಾನು ಬರೆದಿಟ್ಟ ಭದ್ರತಾ ನೀತಿಯಂತೆ ಕ್ರಮ ಕೈಗೊಂಡಿದ್ದೆ ಅಂತ ಕಂಪನಿಯೇ ತೋರಿಸಬೇಕು. ಐಎಸ್‌ಒ 27001 ಅನ್ನುವ ಮಾನದಂಡವನ್ನು ಅದೇ ನಿಯಮ ಹೆಸರಿಸುತ್ತದೆ, ವರ್ಷಕ್ಕೆ ಒಮ್ಮೆಯಾದರೂ ಆಡಿಟ್ ಆಗಬೇಕು ಅನ್ನುತ್ತದೆ. ನಿಮ್ಮ ಪತ್ರಕ್ಕೆ ಆಡಿಟ್ ತಾರೀಖು ಬಿಟ್ಟು ಬೇರೆಲ್ಲ ಉತ್ತರ ಬಂದರೆ ಆಡಿಟ್ ಆಗಿಲ್ಲ ಅಂತಲೇ ಲೆಕ್ಕ ಹಾಕಿ ಮುಂದುವರಿಯಿರಿ.

ಒಂದು ತಿಂಗಳು ಕಾಯಿರಿ. ಈ ಮಧ್ಯೆ "5,000 ರೂಪಾಯಿ ಕೊಡುತ್ತೇವೆ, ಅಥವಾ ಒಂದು ವರ್ಷ ಚೆಕಪ್ ಫ್ರೀ" ಅಂತ ಮೇಲ್ ಬರಬಹುದು. ಅದರಲ್ಲಿ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಅನ್ನುವ ಮಾತು ಇದೆಯಾ ನೋಡಿ. ಇದ್ದರೆ ಅದಕ್ಕೆ ಒಪ್ಪಿದ ದಿನವೇ ನಿಮ್ಮ ಕೇಸ್ ಮುಗಿಯಿತು.

## ಹೆಜ್ಜೆ 4: ಯಾವ ಬಾಗಿಲು?

ಒಂದೇ ನಷ್ಟಕ್ಕೆ ಎರಡೂ ಕಡೆ ಪರಿಹಾರ ಪಡೆಯಲು ಆಗುವುದಿಲ್ಲ. ಆದ್ದರಿಂದ ಮೊದಲೇ ಯೋಚಿಸಿ ಆರಿಸಿ.

ಐಟಿ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ ಪ್ರತಿ ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಯೇ ನ್ಯಾಯನಿರ್ಣಯ ಅಧಿಕಾರಿ. 5 ಕೋಟಿವರೆಗಿನ ಕ್ಲೇಮ್ ಅವರೇ ಕೇಳುತ್ತಾರೆ. ಅಷ್ಟರೊಳಗಿನ ಕ್ಲೇಮಿಗೆ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ. ನಮ್ಮಲ್ಲಿ ಎಲೆಕ್ಟ್ರಾನಿಕ್ಸ್, ಐಟಿ, ಬಿಟಿ ಇಲಾಖೆಗೆ, ಅಂದರೆ ಬೆಂಗಳೂರಿನಲ್ಲೇ ಅರ್ಜಿ ಕೊಡಬೇಕು.

ಇಲ್ಲಿ ಶುಲ್ಕ ಇದೆ. 2003ರ ನಿಯಮದಂತೆ ಅರ್ಜಿಗೆ 50 ರೂಪಾಯಿ, ಅದರ ಮೇಲೆ ಕೇಳುವ ಮೊತ್ತಕ್ಕೆ ತಕ್ಕ ಶುಲ್ಕ. 1 ಲಕ್ಷ ದಾಟಿದ ಕ್ಲೇಮಿಗೆ 5,000 ರೂಪಾಯಿ, ಜೊತೆಗೆ 1 ಲಕ್ಷದ ಮೇಲಿನ ಮೊತ್ತಕ್ಕೆ ಶೇ 2. ಶಾಂತಾ 1,50,000 ಕೇಳಿದರೆ 5,000, ಮೇಲಿನ 50,000ಕ್ಕೆ 1,000, ಅರ್ಜಿಗೆ 50, ಒಟ್ಟು 6,050 ರೂಪಾಯಿ. ನಾಲ್ಕು ತಿಂಗಳಲ್ಲಿ ತೀರ್ಮಾನ, ಒಟ್ಟು ಆರು ತಿಂಗಳಲ್ಲಿ ಎಲ್ಲ ಮುಗಿಯಬೇಕು ಅಂತ ನಿಯಮ ಹೇಳುತ್ತದೆ, "ಸಾಧ್ಯವಾದ ಮಟ್ಟಿಗೆ" ಅನ್ನುವ ಮಾತಿನ ಜೊತೆಗೆ. ಕಾರ್ಯದರ್ಶಿಗೆ ಬೇರೆ ನೂರು ಕೆಲಸ ಇರುತ್ತವೆ, ಆ ಮಾತಿನ ಅರ್ಥ ನೀವೇ ಊಹಿಸಿಕೊಳ್ಳಿ.

43ಎ ಅಡಿಯಲ್ಲಿ "ಅಕ್ರಮ ನಷ್ಟ ಅಥವಾ ಅಕ್ರಮ ಲಾಭ" ಆಗಿರಬೇಕು. ಮಾಹಿತಿ ಸೋರಿ ಏನೂ ನಷ್ಟ ಆಗಿಲ್ಲ, ಬರೀ ಆತಂಕ ಅಂದರೆ ಇಲ್ಲಿ ನಿಲ್ಲುವುದು ಕಷ್ಟ. 84,000 ಹೋದ ದಾಖಲೆ ಇದ್ದರೆ ಆ ತೊಡಕು ಇಲ್ಲ.

ಇನ್ನು ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಎರಡು ಹಿಡಿಗಳಿವೆ. ಒಂದು ಸೇವಾ ನ್ಯೂನತೆ: ದುಡ್ಡು ತೆಗೆದುಕೊಂಡು ರಿಪೋರ್ಟ್ ಜೋಪಾನ ಮಾಡಲಿಲ್ಲ. ಇನ್ನೊಂದು, ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ಬಿಟ್ಟುಕೊಡುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ಸೆಕ್ಷನ್ 2(47) ನೇರವಾಗಿ ಹೇಳುತ್ತದೆ. ಇಲ್ಲಿ "ಸೂಕ್ಷ್ಮ ಮಾಹಿತಿ" ಅನ್ನುವ ಪಟ್ಟಿ ಇಲ್ಲ, ಹೆಸರು ಮತ್ತು ಫೋನ್ ನಂಬರ್ ಕೂಡ ನಡೆಯುತ್ತದೆ. ಆದರೆ ಎರಡನೇ ಹಿಡಿ ಕಂಪನಿಯೇ ಮಾರಿದ್ದಾಗ, ಹಂಚಿದ್ದಾಗ ಗಟ್ಟಿ. ಹ್ಯಾಕರ್ ಕದ್ದಿದ್ದರೆ ಮೊದಲನೆಯದನ್ನೇ ಮುಂದೆ ಇಡಿ.

ಆಯೋಗದ ಅನುಕೂಲ ತುಂಬಾ ಇವೆ. ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಶಾಂತಾ ಬೆಂಗಳೂರಿಗೆ ಓಡಾಡಬೇಕಾಗಿಲ್ಲ. ಶುಲ್ಕ ಲೆಕ್ಕ ಹಾಕುವುದು ಕೇಳುವ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ಬೆಲೆಯ ಮೇಲೆ. 5 ಲಕ್ಷದವರೆಗೆ ಶುಲ್ಕ ಸೊನ್ನೆ. 3,200 ರೂಪಾಯಿ ಚೆಕಪ್‌ಗೆ ಏನೂ ಕಟ್ಟಬೇಕಾಗಿಲ್ಲ. ಮಾನಸಿಕ ಹಿಂಸೆಗೆ ಪರಿಹಾರ ಕೇಳುವ ರೂಢಿಯೂ ಇಲ್ಲಿದೆ. ವಕೀಲರಿಲ್ಲದೆ ನೀವೇ ವಾದ ಮಾಡಬಹುದು. ಎರಡು ವರ್ಷದೊಳಗೆ ದೂರು ಕೊಡಬೇಕು, ಅದೊಂದು ಮರೆಯಬೇಡಿ.

ಒಂದೇ ಒಂದು ಕೊರತೆ: ದುಡ್ಡು ಕೊಟ್ಟಿದ್ದರೆ ಮಾತ್ರ ನೀವು ಗ್ರಾಹಕರು. ಫ್ರೀ ಆ್ಯಪ್‌ನಿಂದ ಸೋರಿದ್ದರೆ, ಅಥವಾ ನೀವು ಕೆಲಸ ಮಾಡುವ ಕಂಪನಿಯ ಎಚ್‌ಆರ್ ಫೈಲ್ ಸೋರಿದ್ದರೆ ಇಲ್ಲಿ ಜಾಗ ಇಲ್ಲ. ಅಂಥವರಿಗೆ ಐಟಿ ಕಾರ್ಯದರ್ಶಿಯೇ ದಾರಿ, ಅದೂ 43ಎ ಇರುವವರೆಗೆ.

ನನ್ನ ಮಾತು ಕೇಳುವುದಾದರೆ, ದುಡ್ಡು ಕೊಟ್ಟ ಸೇವೆ, ಕೆಲವು ಲಕ್ಷದೊಳಗಿನ ನಷ್ಟ ಅಂದರೆ ಗ್ರಾಹಕ ಆಯೋಗಕ್ಕೆ ಹೋಗಿ. ವ್ಯಾಪಾರದ ಖಾತೆಯಿಂದ ದೊಡ್ಡ ಮೊತ್ತ ಹೋಗಿದ್ದರೆ ಐಟಿ ಕಾರ್ಯದರ್ಶಿಯ ಹತ್ತಿರ ಹೋಗಿ. ಶಾಂತಾ ತುಮಕೂರಿನ ಆಯೋಗವನ್ನೇ ಆರಿಸಿದರು.

## ಹೆಜ್ಜೆ 5: ದೂರು ಬರೆಯುವುದು

e-jagriti.gov.in ನಲ್ಲಿ ಮೊಬೈಲ್ ನಂಬರ್ ಕೊಟ್ಟು ನೋಂದಣಿ ಮಾಡಿಕೊಂಡು ದೂರು ಸಲ್ಲಿಸಬಹುದು. ದೂರು, ಅಫಿಡವಿಟ್, ದಾಖಲೆಗಳ ಪಟ್ಟಿ, ದಾಖಲೆಗಳು, ಎಲ್ಲವನ್ನೂ ಪಿಡಿಎಫ್ ಮಾಡಿ ಪುಟ ಸಂಖ್ಯೆ ಹಾಕಿ.

ದೂರಿನಲ್ಲಿ ಕಥೆ ಉದ್ದ ಬೇಡ. ಯಾವಾಗ ಏನಾಯಿತು ಅಂತ ತಾರೀಖಿನ ಕ್ರಮದಲ್ಲಿ ಸಣ್ಣ ಸಣ್ಣ ಪ್ಯಾರಾ ಬರೆಯಿರಿ, ಪ್ರತಿಯೊಂದರ ಪಕ್ಕ ಯಾವ ಪುಟದಲ್ಲಿ ದಾಖಲೆ ಇದೆ ಅಂತ ನಮೂದಿಸಿ. ಕೊನೆಗೆ ಏನು ಬೇಕು ಅಂತ ಅಂಕಿಯಲ್ಲಿ ಹೇಳಿ. ಶಾಂತಾ ಕೇಳಿದ್ದು 84,000 ರೂಪಾಯಿ ಮತ್ತು ದುಡ್ಡು ಹೋದ ದಿನದಿಂದ ಬಡ್ಡಿ, ಮಾನಸಿಕ ಹಿಂಸೆಗೆ 50,000, ಖರ್ಚಿಗೆ 10,000. "ಹತ್ತು ಲಕ್ಷ ಕೊಡಿಸಿ" ಅಂತ ಬರೆದರೆ ಕೇಸ್ ದೊಡ್ಡದಾಗುವುದಿಲ್ಲ. ಆ ಹತ್ತು ಲಕ್ಷದ ಲೆಕ್ಕ ಎಲ್ಲಿ ಅಂತ ಕೇಳಿದಾಗ ಉತ್ತರ ಇರುವುದಿಲ್ಲ, ಅಷ್ಟೇ.

ಜೊತೆಗೆ ಒಂದು ಪ್ರತ್ಯೇಕ ಅರ್ಜಿ ಹಾಕಿ. ದಾಖಲೆ ತರಿಸುವ ವಿಷಯದಲ್ಲಿ ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಕಂಪನಿಯ ಆಡಿಟ್ ವರದಿ, ಸೋರಿಕೆಯ ಬಗ್ಗೆ ಅವರ ಒಳಗಿನ ವರದಿ, ಸಿಇಆರ್‌ಟಿ-ಇನ್‌ಗೆ ಕಳಿಸಿದ ಮೇಲ್, ಈ ಮೂರನ್ನು ತರಿಸಿ ಅಂತ ಕೇಳಿ. ಈ ಅರ್ಜಿ ಬಿಟ್ಟು ಹೋದ ಕೇಸುಗಳಲ್ಲಿ ಒಂದು ಕಡೆ ಗ್ರಾಹಕರ ಮಾತು, ಇನ್ನೊಂದು ಕಡೆ ಕಂಪನಿಯ ಮಾತು, ಮಧ್ಯೆ ಏನೂ ಇರುವುದಿಲ್ಲ.

ನಿಮ್ಮ ಹಾಗೆ ಇನ್ನೂ ಹಲವರು ಇದ್ದರೆ ಸೇರಿ ಒಂದೇ ದೂರು ಕೊಡಬಹುದು. ಸೆಕ್ಷನ್ 35(1)(ಸಿ) ಅಡಿಯಲ್ಲಿ ಆಯೋಗದ ಅನುಮತಿ ಪಡೆಯಬೇಕು. ಎಲ್ಲರ ದೂರೂ ಒಂದೇ ಸೋರಿಕೆಯದ್ದಾಗಿದ್ದು, ಕೇಳುವುದೂ ಒಂದೇ ಆಗಿದ್ದರೆ ಇದು ಚೆನ್ನ. ಆದರೆ ಒಬ್ಬರಿಗೆ 84,000 ಹೋಗಿದೆ, ಇನ್ನೊಬ್ಬರಿಗೆ ಬರೀ ಕಾಲ್ ಬಂದಿದೆ ಅಂದರೆ ಬೇರೆ ಬೇರೆ ದೂರು ಕೊಟ್ಟು ಒಟ್ಟಿಗೆ ವಿಚಾರಣೆ ಮಾಡಿ ಅಂತ ಕೇಳುವುದು ಸಲೀಸು.

## ಹೆಜ್ಜೆ 6: ಕಂಪನಿಯ ತಕರಾರುಗಳು

ನೋಟಿಸ್ ತಲುಪಿದ ಮೇಲೆ ಕಂಪನಿ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಅದರ ಮೇಲೆ ಒಂದು ದಿನವೂ ಇಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. 46ನೇ ದಿನ ಉತ್ತರ ಬಂದರೆ ಎದ್ದು ನಿಂತು ಆಕ್ಷೇಪ ಹೇಳಿ.

ಉತ್ತರದಲ್ಲಿ ಬರುವ ವಾದಗಳು ಹೆಚ್ಚುಕಡಿಮೆ ಇವೇ. "ನಮ್ಮ ಷರತ್ತಿನಲ್ಲಿ ಆರ್ಬಿಟ್ರೇಷನ್ ಇದೆ" ಅನ್ನುತ್ತಾರೆ, ಅಂದರೆ ಜಗಳವನ್ನು ಕೋರ್ಟಿನ ಹೊರಗೆ ಖಾಸಗಿ ತೀರ್ಪುಗಾರರೇ ಬಗೆಹರಿಸಬೇಕು ಅಂತ. ಆರ್ಬಿಟ್ರೇಷನ್ ಷರತ್ತು ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದು ಅನ್ನುವುದು 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿದೆ. "ಇದು ಐಟಿ ಕಾಯ್ದೆಯ ವಿಷಯ, ಆಯೋಗಕ್ಕೆ ಅಧಿಕಾರ ಇಲ್ಲ" ಅನ್ನುತ್ತಾರೆ. ಗ್ರಾಹಕ ಕಾಯ್ದೆ ಬೇರೆ ಕಾನೂನುಗಳ ಜೊತೆಗೆ ಹೆಚ್ಚಿನ ಪರಿಹಾರ ಅಂತ 100ನೇ ಸೆಕ್ಷನ್ ಹೇಳುತ್ತದೆ, ಅದನ್ನು ತೋರಿಸಿ.

ನಿಜವಾಗಿ ಗಟ್ಟಿಯಾದ ವಾದ ಒಂದೇ: "ಲಿಂಕ್ ಒತ್ತಿದ್ದು ನೀವು, ಆ್ಯಪ್ ಹಾಕಿಕೊಂಡಿದ್ದು ನೀವು." ಇದನ್ನು ಅಲ್ಲಗಳೆಯಲು ಹೋಗಬೇಡಿ, ಒಪ್ಪಿಕೊಂಡು ಮುಂದೆ ಹೋಗಿ. ಅಪರಿಚಿತರು ಸುಮ್ಮನೆ ಲಿಂಕ್ ಕಳಿಸಿದ್ದರೆ ಒತ್ತುತ್ತಿರಲಿಲ್ಲ, ನನ್ನ ರಿಪೋರ್ಟ್ ಅವರ ಕೈಯಲ್ಲಿದ್ದದ್ದಕ್ಕೇ ನಂಬಿದೆ, ಆ ನಂಬಿಕೆ ಹುಟ್ಟಿದ್ದು ನೀವು ಸೋರಿಸಿದ ಮಾಹಿತಿಯಿಂದ. ಶಾಂತಾ ಅವರ ವಾದ ಇಷ್ಟೇ. ಕಾಲ್ ರೆಕಾರ್ಡಿಂಗ್ ಆರಂಭದಲ್ಲೇ 8.4 ಅನ್ನುವ ಮಾತು ಬರುತ್ತದೆ, ಲಿಂಕಿನ ಮಾತು ಆಮೇಲೆ ಬರುತ್ತದೆ. ಆ ಕ್ರಮ ಮುಖ್ಯ. ಎಷ್ಟನೇ ಸೆಕೆಂಡಿನಲ್ಲಿ ಏನು ಹೇಳಿದರು ಅಂತ ಬರೆದು ಕೊಡಿ.

ಆದರೂ ಪೂರ್ತಿ ಮೊತ್ತ ಸಿಗದೇ ಇರಬಹುದು. 2013ರಲ್ಲಿ ಮಹಾರಾಷ್ಟ್ರದ ಐಟಿ ಕಾರ್ಯದರ್ಶಿ ಪುಣೆಯ ಒಂದು ಸಂಸ್ಥೆಯ ಕೇಸ್ ತೀರ್ಮಾನಿಸಿದರು. ಫಿಶಿಂಗ್‌ನಿಂದ ಖಾತೆಯಿಂದ ಸುಮಾರು 80 ಲಕ್ಷ ಹೋಗಿತ್ತು. ಬ್ಯಾಂಕ್ 45 ಲಕ್ಷ ಕೊಡಬೇಕು ಅಂತ ಆದೇಶ ಆಯಿತು. ಮೋಸದ ಮೇಲ್‌ಗೆ ಉತ್ತರಿಸಿದ್ದು ದೂರುದಾರರೇ ಆದ್ದರಿಂದ ನಷ್ಟದ ಒಂದು ಪಾಲು ಅವರ ಮೇಲೂ ಬಿತ್ತು. ಅದು ಬ್ಯಾಂಕಿನ ಕೇಸ್, ಲ್ಯಾಬಿನದಲ್ಲ. ಆದರೂ ನಷ್ಟವನ್ನು ಹಂಚುವ ಲೆಕ್ಕ ಹೇಗಿರುತ್ತದೆ ಅನ್ನುವುದಕ್ಕೆ ಒಳ್ಳೆ ಅಂದಾಜು ಸಿಗುತ್ತದೆ. ರಾಜಿಗೆ ಕೂತಾಗ ಕೈಯಲ್ಲಿ ಒಂದು ಅಂಕಿ ಇಟ್ಟುಕೊಳ್ಳಲು ಇದು ಬೇಕು.

## 2027ರ ಮೇ ನಂತರ

ಅಲ್ಲಿಗೆ ಡಿಪಿಡಿಪಿ ಪೂರ್ತಿ ಜಾರಿಯಾಗುತ್ತದೆ. ಸೋರಿಕೆ ಆದ ಕೂಡಲೇ ಬಾಧಿತರಾದ ಪ್ರತಿಯೊಬ್ಬರಿಗೂ ಕಂಪನಿಯೇ ತಿಳಿಸಬೇಕು: ಏನು ಸೋರಿತು, ಯಾವಾಗ, ಪರಿಣಾಮ ಏನು. ಮಂಡಳಿಗೆ ವಿವರವಾದ ವರದಿಯನ್ನು 72 ಗಂಟೆಯಲ್ಲಿ ಕೊಡಬೇಕು. ಪರಿಹಾರ ಇಲ್ಲ ನಿಜ, ಆದರೆ ಈ ತಿಳಿಸುವ ಪತ್ರ ಗ್ರಾಹಕ ಆಯೋಗದಲ್ಲಿ ಚಿನ್ನದಂಥ ದಾಖಲೆ. ಹೆಜ್ಜೆ 1ರಲ್ಲಿ ಶಾಂತಾ ಇನಿಷಿಯಲ್ ಹುಡುಕಿ ಕಷ್ಟಪಟ್ಟು ತೋರಿಸಿದ್ದನ್ನು ಕಂಪನಿಯೇ ಸಹಿ ಹಾಕಿ ಒಪ್ಪಿಕೊಂಡಂತೆ. ಅಂಥ ಮೇಲ್ ಬಂದರೆ ಸ್ಪ್ಯಾಮ್ ಅಂತ ಅಳಿಸಬೇಡಿ. ಅದರೊಳಗಿನ ಲಿಂಕ್ ಮಾತ್ರ ಒತ್ತಬೇಡಿ, ಕಂಪನಿಯ ವೆಬ್‌ಸೈಟಿಗೆ ನೀವೇ ಹೋಗಿ ನಿಜವೇ ಅಂತ ನೋಡಿ.

ಮಂಡಳಿಗೆ ದೂರು ಕೊಡುವ ಮೊದಲು ಕಂಪನಿಗೆ ದೂರು ಕೊಟ್ಟಿರಬೇಕು. ಮಂಡಳಿ ಬೇಕೆಂದರೆ ಎರಡೂ ಕಡೆಯವರನ್ನು ಮಧ್ಯಸ್ಥಿಕೆಗೆ ಕಳಿಸಬಹುದು. ಅಲ್ಲಿ ಕೂತು ದುಡ್ಡಿನ ಮಾತಾಡಲು ಯಾವ ಅಡ್ಡಿಯೂ ಇಲ್ಲ. ದೊಡ್ಡ ದಂಡದ ಭಯ ಇರುವ ಕಂಪನಿ ಆ ಮೇಜಿನಲ್ಲಿ ಸ್ವಲ್ಪ ಮೆತ್ತಗಿರುತ್ತದೆ ಅಂತ ನನ್ನ ಎಣಿಕೆ.

ಸೋರಿಕೆ 43ಎ ಇದ್ದಾಗಲೇ ಆಗಿದ್ದರೆ, ಆಗಲೇ ಹುಟ್ಟಿದ ಹಕ್ಕು ಸೆಕ್ಷನ್ ಹೋದ ಮೇಲೂ ಉಳಿಯುತ್ತದೆ ಅಂತ ಜನರಲ್ ಕ್ಲಾಸಸ್ ಆ್ಯಕ್ಟ್‌ನ 6ನೇ ಸೆಕ್ಷನ್ ಇಟ್ಟು ವಾದ ಮಾಡಬಹುದು. ಆದರೆ ಅದು ಮತ್ತೊಂದು ಜಗಳ. ಈಗಲೇ ಅರ್ಜಿ ಹಾಕಿದರೆ ಆ ಜಗಳವೇ ಬರುವುದಿಲ್ಲ.

## ಹೆಜ್ಜೆ 7: ಆದೇಶ ಬಂತು, ದುಡ್ಡು?

ಜಿಲ್ಲಾ ಆಯೋಗದ ಆದೇಶದ ಮೇಲೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಕಂಪನಿ ಹೋಗಬೇಕಾದರೆ ಆದೇಶದ ಅರ್ಧ ಮೊತ್ತ ಮೊದಲು ಠೇವಣಿ ಇಡಬೇಕು. ಸಣ್ಣ ಮೊತ್ತಕ್ಕೆ ವಕೀಲರ ಫೀಸು, ಠೇವಣಿ ಎಲ್ಲ ಲೆಕ್ಕ ಹಾಕಿದರೆ ಕೊಟ್ಟು ಮುಗಿಸುವುದೇ ಅಗ್ಗ ಅನ್ನಿಸುವ ಸಾಧ್ಯತೆ ಹೆಚ್ಚು. ಐಟಿ ಕಾರ್ಯದರ್ಶಿಯ ಆದೇಶಕ್ಕೆ ಮೇಲ್ಮನವಿ ದೆಹಲಿಯ ಟಿಡಿಸ್ಯಾಟ್ ಅನ್ನುವ ನ್ಯಾಯಮಂಡಳಿಗೆ, ಅದಕ್ಕೂ 45 ದಿನ. ಅಲ್ಲಿಂದ ಹೈಕೋರ್ಟಿಗೆ.

ಕೊಡದೆ ಕೂತರೆ ಏನು ಮಾಡುವುದು? ಆಯೋಗದಲ್ಲಿ ಅಮಲ್ಜಾರಿ ಅರ್ಜಿ ಹಾಕಿ, 72ನೇ ಸೆಕ್ಷನ್ ಕೂಡ ನಮೂದಿಸಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ಕ್ಕೆ ಕಡಿಮೆ ಇಲ್ಲದ ದಂಡ, ಅಥವಾ ಎರಡೂ ಆಗಬಹುದು. ಐಟಿ ಕಾರ್ಯದರ್ಶಿಯ ಆದೇಶವಾದರೆ 64ನೇ ಸೆಕ್ಷನ್ ಪ್ರಕಾರ ಪರಿಹಾರದ ಮೊತ್ತವನ್ನು ಭೂಕಂದಾಯದ ಬಾಕಿ ಅಂತ ವಸೂಲಿ ಮಾಡಬಹುದು. ಸರ್ವರ್, ಕ್ಲೌಡ್, ಹ್ಯಾಕಿಂಗ್ ಅಂತ ಶುರುವಾದ ಕೇಸ್ ಕೊನೆಗೆ ಕಂದಾಯ ಇಲಾಖೆಯ ಜಪ್ತಿ ನೋಟಿಸಿನವರೆಗೆ ಬರುತ್ತದೆ. ಆ ನೋಟಿಸ್ ಹೊರಡಲಿ ಅಂತ ಬೆನ್ನು ಹತ್ತಬೇಕಾದವರು ನೀವೇ, ಆದೇಶದ ದೃಢೀಕೃತ ಪ್ರತಿ ಹಿಡಿದುಕೊಂಡು.